ತೊಳೆದಾಯ್ತಾ, ಮಾವ?

ನಮ್ಮ ಮನೆಗೆ ಬೋರ್ಡಿಲ್ಲ. ಮೂರು ಮಹಡಿಯ ಹಳೇ ಕಟ್ಟಡ, ಬೂದು ಬಣ್ಣದ ಗೇಟು, ಎದುರಿಗೆ ಪಂಚರ್ ಅಂಗಡಿ, ಪಕ್ಕದಲ್ಲಿ ಬೇಕರಿ. ಪಂಚರ್ ಅಂಗಡಿಯವನು ನಮ್ಮದನ್ನು ಹೊಲಿಗೆ ಕ್ಲಾಸು ಎಂದು ತಿಳಿದಿದ್ದಾನೆ. ನಾವೂ ಅವನನ್ನು ತಿದ್ದಲು ಹೋಗಿಲ್ಲ. ಗಂಡನ ಏಟು ತಾಳಲಾರದೆ ಉಟ್ಟ ಬಟ್ಟೆಯಲ್ಲಿ ಓಡಿಬಂದ ಹೆಂಗಸರು ಇಲ್ಲಿರುತ್ತಾರೆ, ಒಂದು ಸಲಕ್ಕೆ ಹತ್ತೋ ಹನ್ನೆರಡೋ ಜನ. ಒಳಗೆ ಬಂದವರ ಹೆಸರನ್ನು ಯಾರೂ ಕರೆಯಬಾರದು ಎಂಬುದು ಮೇಲ್ವಿಚಾರಕಿ ದೊಡ್ಡಮ್ಮ ಮಾಡಿದ ನಿಯಮ. ಹಾಗಾಗಿ ಎಲ್ಲರೂ ಅಕ್ಕ, ಅತ್ತಿಗೆ, ಚಿಕ್ಕಿ. ಪತ್ರ ಬರೆಯುವುದು, ಫೋನ್ ಎತ್ತುವುದು, ವೆಬ್‌ಸೈಟು ನೋಡಿಕೊಳ್ಳುವುದು ನನ್ನ ಕೆಲಸ. ನನ್ನನ್ನು ಟೈಪಮ್ಮ ಅನ್ನುತ್ತಾರೆ. ಟೈಪ್‌ರೈಟರನ್ನು ನಾನು ಜನ್ಮದಲ್ಲಿ ಮುಟ್ಟಿಲ್ಲ, ಆದರೂ ಹೆಸರು ಅಂಟಿಕೊಂಡಿದೆ.

ನಾನು ಹೇಳಹೊರಟದ್ದು ನನ್ನ ವಿಷಯವಲ್ಲ, ಸ್ಟುಡಿಯೋ ಮಾವನ ವಿಷಯ.

ಮಾವ ಮೂವತ್ತೊಂದು ವರ್ಷ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಆ ಕಾಲದಲ್ಲಿ ಜನ ಕ್ಯಾಮೆರಾದ ರೀಲು ತಂದು ಕೌಂಟರಿನ ಮೇಲಿಟ್ಟು, ತೊಳೆದುಕೊಡಿ ಅನ್ನುತ್ತಿದ್ದರು. ಮಾವ ಕತ್ತಲೆ ಕೋಣೆಗೆ ಹೋಗಿ ತೊಳೆಯುತ್ತಿದ್ದರು. ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣದಲ್ಲಿ ಅದ್ದಿ ಅದ್ದಿ ಅವರ ಬಲಗೈಯ ಮೂರು ಬೆರಳಿನ ಉಗುರು ಇವತ್ತಿಗೂ ಕಂದು. ಆಮೇಲೆ ರೀಲೇ ಇಲ್ಲದ ಕಾಲ ಬಂತು. ಕತ್ತಲೆ ಕೋಣೆಯಲ್ಲಿ ಜೆರಾಕ್ಸ್ ಮಿಷನ್ ಕೂತಿತು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮಾವ ಐವತ್ತೆಂಟನೇ ವಯಸ್ಸಿಗೆ ಕಂಪ್ಯೂಟರ್ ಕಲಿತರು. ಮದುವೆಯೊಂದರ ಎರಡು ಸಾವಿರ ಫೋಟೋಗಳಿಗೆ ಒಂದೊಂದಾಗಿ ಹೆಸರು ಕೊಟ್ಟು ಬೇಸತ್ತು, ಆ ಕೆಲಸವನ್ನು ತಾನೇ ಮಾಡಿಮುಗಿಸುವ ಹದಿನೈದು ಸಾಲಿನ ಸ್ಕ್ರಿಪ್ಟ್ ಬರೆದರು, ಕಂಪ್ಯೂಟರಿಗೆ ಕೊಡುವ ಅಪ್ಪಣೆಗಳ ಪಟ್ಟಿ. ಮೊದಲ ಸಲ ಅದು ಓಡಿದಾಗ ಎರಡು ಸಾವಿರ ಫೋಟೋಗಳಿಗೂ ಒಂದೇ ಹೆಸರು ಕೊಟ್ಟು ಒಂದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಅಳಿಸಿಹಾಕಿತ್ತಂತೆ. ಪುಣ್ಯಕ್ಕೆ ಬೇರೆ ಕಡೆ ಪ್ರತಿ ಇತ್ತು. ಅಲ್ಲಿಂದ ಮಾವನಿಗೆ ಪ್ರತಿಯೊಂದನ್ನೂ ಎರಡೆರಡು ಸಲ ನೋಡುವ ಚಾಳಿ. ಬೀಗ ಹಾಕಿ ಎರಡು ಸಲ ಜಗ್ಗುತ್ತಾರೆ, ಕಾಫಿಗೆ ಸಕ್ಕರೆ ಹಾಕಿದೆಯಾ ಎಂದು ಎರಡು ಸಲ ಕೇಳುತ್ತಾರೆ.

ಮನುಷ್ಯ ಬಾಯಿಗೆ ಒರಟು. ಮೂಗಿನ ತುದಿಯಲ್ಲಿ ಕೋಪ. ಕತ್ತು ವಾಲಿಸಿ ಫೋಟೋಗೆ ನಿಲ್ಲುವವರನ್ನು ಕಂಡರೆ ಈಗಲೂ ಉರಿದುಬೀಳುತ್ತಾರೆ. ಇಂಥವರು ಬಿಡಿಗಾಸಿಲ್ಲದೆ ವಾರಕ್ಕೆ ನಾಲ್ಕು ದಿನ ನಮ್ಮ ಮನೆಗೆ ಯಾಕೆ ಬರುತ್ತಾರೆಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಮ್ಮೆ ತಾವಾಗಿಯೇ ಹೇಳಿದರು. ಸ್ಟುಡಿಯೋ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ಗಂಡಸು ಹೆಂಡತಿಯ ಚಿಕ್ಕ ಫೋಟೋ ತಂದು, ಕಾಣೆಯಾಗಿದ್ದಾಳೆ, ದೊಡ್ಡದು ಮಾಡಿ ಐವತ್ತು ಪ್ರತಿ ತೆಗೆದುಕೊಡಿ ಎಂದು ಕಣ್ಣೀರು ಹಾಕಿದ. ಮಾವನಿಗೆ ಕರುಳು ಚುರ್ ಎಂದಿತು. ಊಟಕ್ಕೂ ಏಳದೆ ತೆಗೆದುಕೊಟ್ಟರು, ಮುಖ ಸ್ಪಷ್ಟವಾಗಿ ಕಾಣಲೆಂದು ನೆರಳನ್ನು ಸ್ವಲ್ಪ ತಿಳಿಮಾಡಿಯೂ ಕೊಟ್ಟರು. ಹೆಂಡತಿ ಸಿಕ್ಕಿದಳು. ಸಿಕ್ಕಿದ ಮೇಲೆ ಅವಳಿಗೆ ಏನಾಯಿತೆಂದು ಮೂರು ವಾರದ ನಂತರ ಪೇಪರಿನಲ್ಲಿ ಬಂತು. ಪೇಪರಿನವರು ಹಾಕಿದ್ದೂ ಮಾವ ತಿಳಿಮಾಡಿದ ಅದೇ ಫೋಟೋ.

ಇಷ್ಟು ಹೇಳಿ, “ಕಾಫಿಗೆ ಸಕ್ಕರೆ ಹಾಕಿದ್ಯಾ?” ಎಂದರು. ಹಾಕಿದ್ದೇನೆ ಎಂದೆ.

ನಮ್ಮ ಹೆಂಗಸರು ಕೌದಿ ಹೊಲಿಯುತ್ತಾರೆ. ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದ ಹೊದಿಕೆ. ಅದನ್ನು ಮಾರಲು ಒಂದು ಚಿಕ್ಕ ಸೈಟು ಇದೆ. ಸೈಟಿನಲ್ಲಿ ಕೌದಿಯ ಫೋಟೋ ಮಾತ್ರ. ಮುಖವಿಲ್ಲ, ಹೆಸರಿಲ್ಲ, ವಿಳಾಸವಿಲ್ಲ. ಪಾರ್ಸೆಲ್ ಕೂಡ ಬೇರೊಂದು ಬಡಾವಣೆಯ ಅಂಚೆ ಪೆಟ್ಟಿಗೆ ನಂಬರಿನಿಂದ ಹೋಗುತ್ತದೆ. ಇಷ್ಟು ಜಾಗ್ರತೆ ಇರುವಾಗ ಇನ್ನೇನು ಭಯ ಎಂದು ನಾನು ಬೀಗುತ್ತಿದ್ದೆ. ಮಾವ ಬಂದ ಮೊದಲ ವಾರವೇ ನನ್ನ ಗಾಳಿ ತೆಗೆದರು.

ನಾನು ತೆಗೆದ ಒಂದು ಫೋಟೋವನ್ನು ಅವರ ಲ್ಯಾಪ್‌ಟಾಪಿನಲ್ಲಿ ತೆರೆದು, ಏನು ಕಾಣುತ್ತೆ ಎಂದು ಕೇಳಿದರು. ನೀಲಿ ಕೌದಿ ಎಂದೆ. ಅವರು ಒಂದು ಸಾಲು ಕುಟ್ಟಿದರು. ಪರದೆಯ ತುಂಬ ಅಕ್ಷರ ಇಳಿದವು: ಫೋನಿನ ಕಂಪನಿ, ಮಾಡೆಲ್ಲು, ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು. ಕೆಳಗೆ ಅಕ್ಷಾಂಶ, ರೇಖಾಂಶ, ಎತ್ತರ, ಕ್ಯಾಮೆರಾ ಯಾವ ದಿಕ್ಕಿಗೆ ತಿರುಗಿತ್ತು ಎಂಬುದು ಕೂಡ. ಆ ಎರಡು ಅಂಕಿಗಳನ್ನು ನಕ್ಷೆಯಲ್ಲಿ ಹಾಕಿದರು. ಕೆಂಪು ಗುರುತು ಸುಮ್ಮನೆ ನಮ್ಮ ಬೀದಿಯ ಮೇಲೆ ಬೀಳಲಿಲ್ಲ, ಸುಮ್ಮನೆ ಮನೆಯ ಮೇಲೂ ಅಲ್ಲ. ಸರಿಯಾಗಿ ನಮ್ಮದೇ ಹಿಂದಿನ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಯ ಹತ್ತಿರ ಬಿತ್ತು.

“ಸ್ಟುಡಿಯೋದಲ್ಲಿ ಪ್ರತಿ ಫೋಟೋದ ಹಿಂದೆ ನಮ್ಮ ವಿಳಾಸದ ಸೀಲು ಹೊಡೀತಿದ್ವಿ ತಾಯಿ,” ಎಂದರು ಮಾವ. “ಈಗ ಫೋನೇ ಹೊಡಿಯುತ್ತೆ. ತಿರುಗಿಸಿ ನೋಡೋರು ಯಾರೂ ಇಲ್ಲ ಅಂತ ನಾವು ಅಂದ್ಕೊಂಡಿರ್ತೀವಿ.”

ದೊಡ್ಡ ದೊಡ್ಡ ಜಾಲತಾಣಗಳು ಸಾಮಾನ್ಯವಾಗಿ ಇಂಥದ್ದನ್ನು ತೆಗೆದೇ ತೋರಿಸುತ್ತವೆ, ನಮ್ಮಂಥ ಚಿಕ್ಕ ಸೈಟು ಹಾಕಿದ್ದನ್ನು ಹಾಕಿದ ಹಾಗೇ ಕೊಡುತ್ತದೆ, ಯಾರಾದರೂ ಇಳಿಸಿಕೊಂಡು ವಿವರ ಎಂಬಲ್ಲಿ ಒತ್ತಿದರೆ ಸಾಕು, ಅದಕ್ಕೆ ವಿದ್ಯೆ ಬೇಡ, ಎಂದು ವಿವರಿಸಿದರು. ಕ್ಯಾಮೆರಾಗೆ ಜಾಗ ಬರೆಯಬೇಡ ಎಂದು ಫೋನಿನಲ್ಲೇ ಹೇಳಿಡಬಹುದು. ಆದರೆ ಫೋನು ಬದಲಾಗುತ್ತದೆ, ಅಪ್‌ಡೇಟ್ ಆಗುತ್ತದೆ, ಯಾರೋ ಅವಸರದಲ್ಲಿ ‘ಅನುಮತಿಸಿ’ ಎಂಬುದನ್ನು ಒತ್ತುತ್ತಾರೆ. ಆದ್ದರಿಂದ ಸೈಟಿಗೆ ಹೋಗುವ ಮುನ್ನ ಪ್ರತಿಯೊಂದು ಫೋಟೋ ತಮ್ಮ ಕೈ ದಾಟಿ ಹೋಗಬೇಕು ಎಂದು ಮಾವ ಕಟ್ಟಪ್ಪಣೆ ಮಾಡಿದರು.

ಹೀಗೆ ಹುಟ್ಟಿತು ಅವರ ಸ್ಕ್ರಿಪ್ಟು. ಅದಕ್ಕೆ ಎರಡು ಫೋಲ್ಡರು. ಮೊದಲನೆಯದಕ್ಕೆ ‘ತೊಳೆಯಬೇಕು’ ಎಂದು ಹೆಸರಿಟ್ಟರು, ಎರಡನೆಯದಕ್ಕೆ ‘ತೊಳೆದಿದೆ’. ನಾವು ಫೋಟೋಗಳನ್ನು ಮೊದಲನೆಯದಕ್ಕೆ ಹಾಕಬೇಕು. ಸ್ಕ್ರಿಪ್ಟು ಒಂದೊಂದನ್ನೇ ಎತ್ತಿ ಓದಿ, ಇದರಲ್ಲಿ ಜಾಗ ಇದೆ, ಇದರಲ್ಲಿ ಇಲ್ಲ ಎಂದು ಪಟ್ಟಿ ಕೊಟ್ಟು, ಒಳಗೆ ಬರೆದಿದ್ದನ್ನೆಲ್ಲ ಕಿತ್ತು, ಹೊಸ ಪ್ರತಿಯನ್ನು ಎರಡನೆಯದಕ್ಕೆ ಇಳಿಸುತ್ತದೆ. ಇಳಿಸಿದ್ದನ್ನು ಇನ್ನೊಮ್ಮೆ ಓದಿ, ಏನೂ ಉಳಿದಿಲ್ಲವಾದರೆ ‘ತೊಳೆದಿದೆ’ ಎಂದು ಪರದೆಯ ಮೇಲೆ ಬರೆಯುತ್ತದೆ. ಮೊದಲ ದಿನ ಅರ್ಧಕ್ಕರ್ಧ ಕೌದಿಗಳು ಸೈಟಿನಲ್ಲಿ ಅಡ್ಡ ಮಲಗಿದ್ದವು. ಫೋನನ್ನು ಯಾವ ಕಡೆ ತಿರುಗಿಸಿ ಹಿಡಿದಿದ್ದೆವು ಎಂಬುದನ್ನೂ ಅದೇ ಜಾಗದಲ್ಲಿ ಬರೆದಿರುತ್ತದಂತೆ, ಅದನ್ನೂ ಕಿತ್ತುಹಾಕಿದ್ದರಿಂದ ನಿಂತ ಫೋಟೋಗಳೆಲ್ಲ ಬಿದ್ದಿದ್ದವು. ನಾನು ನಕ್ಕೆ. ಮಾವ ನಗಲಿಲ್ಲ. ಮೊದಲು ಫೋಟೋವನ್ನೇ ನೆಟ್ಟಗೆ ತಿರುಗಿಸಿ ಆಮೇಲೆ ತೊಳೆಯುವಂತೆ ಸಂಜೆಯೊಳಗೆ ತಿದ್ದಿದರು.

“ಹಿಂದೆ ತೊಳೆದ್ರೆ ಇರೋದು ಕಾಣಿಸ್ತಿತ್ತು, ಈಗ ತೊಳೆದ್ರೆ ಇರೋದು ಹೋಗುತ್ತೆ. ಒಟ್ನಲ್ಲಿ ನನ್ ಹಣೇಲಿ ತೊಳೆಯೋದು ಬರೆದಿದೆ,” ಎಂದು ಗೊಣಗಿದರು. ಆ ಮಾತು ಮನೆಯಲ್ಲೆಲ್ಲ ಹಬ್ಬಿತು. ಮಾವ ಬಂದ ಕೂಡಲೇ ಯಾರಾದರೊಬ್ಬರು ಮೆಟ್ಟಿಲ ಮೇಲಿಂದ, “ತೊಳೆದಾಯ್ತಾ, ಮಾವ?” ಎನ್ನುವರು. ಅವರು ಸಿಡುಕಿದರೆ ಮನೆಗೆಲ್ಲ ಒಂಥರಾ ಸಂತೋಷ. ಆ ಪದದ ಮೇಲೆ ನನಗೆ ಆಗಲೇ ಸಂಶಯ ಬರಬೇಕಿತ್ತು.

ಕೌದಿ ಅಕ್ಕ ಬಂದದ್ದು ಮರುವರ್ಷ. ಎಡಗಿವಿ ಕೇಳುತ್ತಿರಲಿಲ್ಲ. ಯಾಕೆಂದು ನಾವು ಕೇಳಲಿಲ್ಲ, ಹುಟ್ಟಿನಿಂದಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಬಂದ ಮೊದಲ ತಿಂಗಳು ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದಳು. ಸೂಜಿ ಕೈಗೆ ಕೊಟ್ಟ ಮೇಲೆ ಬೇರೆ ಮನುಷ್ಯಳಾದಳು. ಅಂಥ ಕೈಯನ್ನು ನಾನು ನೋಡಿಲ್ಲ. ಹೊಲಿದ ಪ್ರತಿ ಕೌದಿಯ ಬಲಮೂಲೆಯಲ್ಲಿ ಒಂದು ಸೊಟ್ಟ ಎಲೆ ಇರುತ್ತಿತ್ತು, ತೊಟ್ಟು ಎಡಕ್ಕೆ ಬಾಗಿದ್ದು. ನೆಟ್ಟಗೆ ಹಾಕಬಾರದಾ ಎಂದರೆ, ಕೈ ಕೇಳಲ್ಲ ಅಕ್ಕಾ ಅನ್ನುತ್ತಿದ್ದಳು. ಸೈಟಿನಲ್ಲಿ ಅವಳ ಕೌದಿಯೇ ಮೊದಲು ಹೋಗುತ್ತಿತ್ತು.

ಮಾವನಿಗೂ ಅವಳಿಗೂ ಬಹಳ ಬೇಗ ಹೊಂದಿಕೆಯಾಯಿತು. ಇಬ್ಬರೂ ಕಡಿಮೆ ಮಾತು, ಇಬ್ಬರೂ ಒಂದನ್ನೇ ಎರಡು ಸಲ ನೋಡುವವರು. ಅವಳ ಬಲಗಿವಿ ಇರುವ ಕಡೆಗೇ ಮಾವ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಮುಂದಿನ ವರ್ಷ ಅವಳಿಗೊಂದು ಸ್ವಂತ ಬಾಡಿಗೆ ಕೋಣೆ, ಒಂದು ಹೊಲಿಗೆ ಮಿಷನ್ನು ಎಂದು ದೊಡ್ಡಮ್ಮ ಓಡಾಡುತ್ತಿದ್ದರು. ಕಿಟಕಿ ಇರೋ ಕೋಣೆ ನೋಡಿ ಎಂದು ಅವಳು ಹೇಳಿಯೂ ಇದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿರುವಂತೆ ಅದೊಂದೇ.

ಫೋಟೋ ತೆಗೆಯುವುದು ನನ್ನ ಕೆಲಸವಾಗಿತ್ತು. ಆ ಸಲ ನನಗೆ ಜ್ವರ. ಹೊಲಿಗೆ ಕೋಣೆಯ ಹಳೇ ಫೋನು ಕೆಟ್ಟು, ಯಾರೋ ದಾನ ಕೊಟ್ಟ ಹೊಸದು ಬಂದಿತ್ತು. ಎರಡೂ ಫೋಲ್ಡರು ಅದರಲ್ಲೂ ಕಾಣುವಂತೆ ನಾನೇ ಜೋಡಿಸಿದ್ದೆ. ನನ್ನ ಮನೆಯಲ್ಲಿ ಮಲಗಿದ್ದಲ್ಲಿಂದಲೇ ಕೌದಿ ಅಕ್ಕನಿಗೆ ಫೋನ್ ಮಾಡಿ, ನಾಲ್ಕು ಕೌದಿಗಳ ಫೋಟೋ ತೆಗೆದು ಫೋಲ್ಡರಿಗೆ ಹಾಕು ಎಂದೆ. ಯಾವುದಕ್ಕೆ ಎಂದು ಅವಳು ಕೇಳಿದಳು. ಮೂಗು ಕಟ್ಟಿತ್ತು, ತಲೆ ಸಿಡಿಯುತ್ತಿತ್ತು. “ತೊಳೆದಿರೋದನ್ನ ಮಾತ್ರ ಸೈಟಿಗೆ ಹಾಕೋದು, ಗೊತ್ತಲ್ಲ,” ಎಂದು ಫೋನಿಟ್ಟೆ.

ಕೌದಿಯನ್ನು ಹೊಲಿದು ಮುಗಿದ ಮೇಲೆ ತೊಳೆಯುತ್ತಾರೆ. ನೀರು ಬಿದ್ದರೆ ದಾರ ಬಿಗಿದು ಬಟ್ಟೆ ಸುಕ್ಕು ಸುಕ್ಕಾಗಿ ಚೆಂದ ಕಾಣುತ್ತದೆ, ತೊಳೆಯದ್ದನ್ನು ನಾವು ಮಾರುವುದಿಲ್ಲ. ಅವಳು ಆ ನಾಲ್ಕನ್ನೂ ತೊಳೆದಿದ್ದಳು, ಒಣಗಿಸಿದ್ದಳು, ಮಡಿಕೆ ಬಿಡಿಸಿ ತಾರಸಿಯ ತಂತಿಯ ಮೇಲೆ ಹರಡಿದ್ದಳು. ತೊಳೆದ ಕೌದಿಗಳ ಫೋಟೋವನ್ನು ‘ತೊಳೆದಿದೆ’ ಎಂಬ ಫೋಲ್ಡರಿಗೆ ಹಾಕಿದಳು. ಅವಳು ಮಾಡಿದ್ದರಲ್ಲಿ ಏನು ತಪ್ಪಿದೆ, ಹೇಳಿ.

ಮರುದಿನ ಮಾವ ಸ್ಕ್ರಿಪ್ಟು ಓಡಿಸಿದರು. ಅದು ತಾನು ತೊಳೆದದ್ದನ್ನು ಮತ್ತೆ ಓದಿ ನೋಡಿತೇ ಹೊರತು, ಫೋಲ್ಡರಿನಲ್ಲಿ ಬೇರೆಯವರು ತಂದಿಟ್ಟದ್ದನ್ನು ನೋಡಲಿಲ್ಲ. ನೋಡು ಎಂದು ಮಾವ ಅದಕ್ಕೆ ಹೇಳಿರಲೇ ಇಲ್ಲ. ತಾನು ತೊಳೆದ ಎಲ್ಲದರ ಮುಂದೂ ‘ತೊಳೆದಿದೆ’ ಎಂದು ಬಂತು. ನಾನು ಫೋಲ್ಡರಿನಲ್ಲಿದ್ದುದನ್ನೆಲ್ಲ ಸೈಟಿಗೆ ಏರಿಸಿದೆ.

ಒಂಬತ್ತು ದಿನಕ್ಕೆ ಸೈಟಿಗೊಂದು ಸಂದೇಶ ಬಂತು. ಹಸಿರು ಕೌದಿ ತುಂಬ ಚೆನ್ನಾಗಿದೆ, ಮೂಲೆಯ ಎಲೆ ಯಾರ ಕೈಕೆಲಸ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ನಾನು ಬೆಪ್ಪುತಕ್ಕಡಿ, ಹಿಗ್ಗಿ ಹೀರೇಕಾಯಾಗಿ, ಅದು ನಮ್ಮಲ್ಲಿಯ ಒಬ್ಬ ಸೋದರಿಯದು, ಅವರದೇ ವಿಶೇಷ ಎಂದು ಉತ್ತರ ಬರೆದೆ. ಹೆಸರು ಹೇಳಲಿಲ್ಲ ಎಂಬ ಸಮಾಧಾನ ಬೇರೆ.

ಮೂರನೇ ದಿನ ಬೆಳಿಗ್ಗೆ ಕೌದಿ ಅಕ್ಕ ತಾರಸಿಯಿಂದ ಇಳಿದುಬಂದಳು. ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು, ಮೆಟ್ಟಿಲುದ್ದಕ್ಕೂ ನೀರು ತೊಟ್ಟಿಕ್ಕಿತ್ತು. ಬೇಕರಿಯ ಬೆಂಚಿನ ಮೇಲೆ ಕೂತಿದ್ದಾನೆ ಎಂದಳು. ಯಾರು ಎಂದು ಕೇಳುವ ಅಗತ್ಯವಿರಲಿಲ್ಲ.

ಕಿಟಕಿಯ ಸಂದಿನಿಂದ ನೋಡಿದೆ. ಇಸ್ತ್ರಿ ಮಾಡಿದ ಷರಟು, ಬಾಚಿದ ತಲೆ. ಬನ್ನು ತಿನ್ನುತ್ತಿದ್ದ. ಚೂರು ಕೆಳಗೆ ಬಿದ್ದರೆ ಎತ್ತಿ ಕಾಗದದಲ್ಲಿ ಹಾಕುತ್ತಿದ್ದ. ರಾಕ್ಷಸನ ಹಾಗೆ ಕಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾವ ಲ್ಯಾಪ್‌ಟಾಪ್ ತೆರೆದರು. ನಮ್ಮ ಸೈಟಿನಿಂದಲೇ ಅಷ್ಟೂ ಫೋಟೋಗಳನ್ನು ಇಳಿಸಿಕೊಂಡು ಓದಿಸಿದರು. ಇನ್ನೂರ ಹನ್ನೆರಡರಲ್ಲಿ ಇನ್ನೂರ ಎಂಟಕ್ಕೆ ಏನೂ ಇಲ್ಲ. ನಾಲ್ಕಕ್ಕೆ ಅಕ್ಷಾಂಶ, ರೇಖಾಂಶ. ನಕ್ಷೆ ತೆರೆದು ನೋಡಬೇಕಿರಲಿಲ್ಲ, ಆದರೂ ಮಾವ ತೆರೆದರು. ಕೆಂಪು ಗುರುತು ಬಟ್ಟೆ ತಂತಿಯ ಪಕ್ಕ ಬಂದು ನಿಂತಿತು. ಅವರು ಅದನ್ನು ಎರಡನೇ ಸಲ ನೋಡಲಿಲ್ಲ.

ಆಮೇಲೆ ಯಾರದು ತಪ್ಪು ಎಂಬುದು ಹೊರಬಂತು. ಅಕ್ಕ ತಾನೇ ಹಾಕಿದ್ದೆ ಎಂದಳು. ನಾನು, ನನ್ನ ಜ್ವರದ ನಾಲಿಗೆಯದು ಎಂದೆ. ಮಾವ ಕಂದು ಉಗುರುಗಳನ್ನು ನೋಡುತ್ತಾ, “ನಾನು ತೊಳೆದಿದ್ದನ್ನ ಮಾತ್ರ ನಾನು ನೋಡ್ದೆ ತಾಯಿ. ತೊಳೀದೆ ಇರೋದನ್ನ ತಾನೆ ನೋಡ್ಬೇಕಿದ್ದಿದ್ದು,” ಎಂದರು. ನಾಲ್ಕು ಫೋಟೋಗಳನ್ನು ಸೈಟಿನಿಂದ ತೆಗೆದೆವು. ಎಲೆಯ ಗುರುತು ಹಿಡಿದು ನೋಡಬಾರದವನು ನೋಡಿಯಾಗಿತ್ತು.

ದೊಡ್ಡಮ್ಮ ಪೊಲೀಸರನ್ನು ಕರೆಸಿದರು. ಬಂದ ಅಧಿಕಾರಿ ಬೇಕರಿಯಲ್ಲಿ ಅವನ ಜತೆ ಐದು ನಿಮಿಷ ಮಾತಾಡಿ ಬಂದು, ಮನುಷ್ಯ ಒಳ್ಳೆಯವನ ಹಾಗೆ ಕಾಣ್ತಾನೆ, ಗೇಟು ಮುಟ್ಟಿಲ್ಲ, ಬೆಂಚಿನ ಮೇಲೆ ಕೂರಬೇಡ ಅನ್ನಲು ಕಾನೂನಿಲ್ಲ ಎಂದರು. ಬೇರೆ ಊರಿನಲ್ಲಿರುವ ಇಂಥದ್ದೇ ಮನೆಗೆ ಫೋನ್ ಮಾಡಿದೆವು. ಹಾಸಿಗೆ ಖಾಲಿಯಾಗಲು ಹತ್ತು ದಿನ ಬೇಕೆಂದರು. ಹತ್ತು ದಿನ ಹೇಗಾದರೂ ತಳ್ಳೋಣ ಎಂದು ದೊಡ್ಡಮ್ಮ ಗೇಟಿಗೆ ಎರಡನೇ ಬೀಗ ಹಾಕಿಸಿದರು. ಮಾವ ಎರಡನ್ನೂ ಎರಡೆರಡು ಸಲ ಜಗ್ಗಿದರು.

ಆ ದಿನಗಳಲ್ಲಿ ಮಾವ ಮಾಡಿದ್ದೊಂದೇ ಕೆಲಸ. ಮನೆಯಲ್ಲಿದ್ದ ಎಲ್ಲ ಹೆಂಗಸರನ್ನೂ ಕೂರಿಸಿ ಪಾಠ ಹೇಳಿದರು. ಕ್ಯಾಮೆರಾದ ಸೆಟ್ಟಿಂಗಿಗೆ ಹೋಗಿ ಜಾಗ ಬರೆಯುವುದನ್ನು ನಿಲ್ಲಿಸುವುದು ಹೇಗೆ, ತೆಗೆದ ಫೋಟೋದ ವಿವರ ತೆರೆದು ಖಾಲಿ ಇದೆಯೇ ಎಂದು ನೋಡುವುದು ಹೇಗೆ. ಮೆಸೇಜಿನಲ್ಲಿ ಕಳಿಸುವಾಗ ಫೋಟೋ ಎಂದೇ ಕಳಿಸಬೇಕು, ಆಗ ಆ ಆ್ಯಪೇ ಅದನ್ನು ಕುಗ್ಗಿಸಿ ಒಳಗಿನ ಬರಹವನ್ನು ಬಿಸಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಅತ್ತಿಗೆಯರು, ಚಿಕ್ಕಿಯರು ತಲೆ ಆಡಿಸಿದರು, ಮರೆತರು. ಕೌದಿ ಅಕ್ಕ ಬಲಗಿವಿ ಮುಂದೆ ಮಾಡಿ ಕೂತು ಎಲ್ಲವನ್ನೂ ಎರಡೆರಡು ಸಲ ಮಾಡಿ ತೋರಿಸಿದಳು. ಮಾವ ಜೀವನದಲ್ಲಿ ಯಾರನ್ನಾದರೂ ಹೊಗಳಿದ್ದು ಕೇಳಿದ್ದರೆ ಅವತ್ತೇ. ಇವಳೊಬ್ಬಳು ಕಲಿತಳು ನೋಡು, ಎಂದರು ನನಗೆ.

ಆರನೇ ದಿನ ಅವನು ಬೆಂಚಿನಿಂದ ಎದ್ದು ಬಂದು ಗೇಟಿನ ಸಂದಿನಲ್ಲಿ ಒಂದು ಕಾಗದ ತೂರಿಸಿ ಮತ್ತೆ ಹೋಗಿ ಕೂತ. ಹಸಿರು ಕೌದಿಯ ಫೋಟೋವನ್ನು ಅಚ್ಚು ಹಾಕಿಸಿದ್ದ. ಹಿಂದೆ ನಮ್ಮ ಅಕ್ಷಾಂಶ ರೇಖಾಂಶಗಳನ್ನು ನೀಟಾಗಿ ಪೆನ್ನಿನಲ್ಲಿ ಬರೆದಿದ್ದ, ಸ್ಟುಡಿಯೋದವರು ಸೀಲು ಹೊಡೆದ ಹಾಗೆ. ಕೆಳಗೆ ಎರಡು ಸಾಲು: ‘ಈ ಜಾಗ ಸದ್ಯಕ್ಕೆ ನನಗೊಬ್ಬನಿಗೇ ಗೊತ್ತು. ಒಬ್ಬನಿಗೇ ಗೊತ್ತಿದ್ದರೆ ಎಲ್ಲರಿಗೂ ಒಳ್ಳೆಯದು.’

ದೊಡ್ಡಮ್ಮ ಅದನ್ನು ಅಕ್ಕನಿಗೆ ತೋರಿಸಬೇಡಿ ಎಂದರು. ಆದರೆ ಕಾಗದ ಮೊದಲು ಸಿಕ್ಕಿದ್ದೇ ಅವಳಿಗೆ, ಓದಿಯಾಗಿತ್ತು. ಮನೆಯಲ್ಲಿ ಅವಳಲ್ಲದೆ ಹನ್ನೊಂದು ಹೆಂಗಸರಿದ್ದರು. ಹನ್ನೊಂದು ಜನರನ್ನೂ ಎಲ್ಲೋ ಯಾರೋ ಹುಡುಕುತ್ತಿದ್ದರು. ಅವನು ಆ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಒಂದು ಕಡೆ ಹಾಕಿದರೆ ಸಾಕು, ಬೇಕರಿಯಲ್ಲಿ ಬೆಂಚು ಸಾಲುವುದಿಲ್ಲ. ಯಾರೂ ಅವಳಿಗೆ ಹೋಗು ಅನ್ನಲಿಲ್ಲ. ಇರು ಎಂದು ಗಟ್ಟಿಯಾಗಿ ಹೇಳಿದವರೂ ನಾನು, ದೊಡ್ಡಮ್ಮ, ಮಾವ, ಮೂವರೇ. ಉಳಿದವರು ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಈಗಲೂ ಪೂರ್ತಿ ಇಳಿದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಸುಮ್ಮನೆ ನಿಲ್ಲುತ್ತಿದ್ದೆ ಎಂಬುದೂ ಗೊತ್ತು.

ಅದೇ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳು ಬಂದ ದಿನದ ಚೀಲ ಹಿಡಿದು ಇಳಿದಳು. ಅರ್ಧ ಹೊಲಿದ ಕೌದಿಯನ್ನು ಮಡಿಸಿ ಮೇಜಿನ ಮೇಲಿಟ್ಟಿದ್ದಳು, ಸೂಜಿ ಅದರಲ್ಲೇ ಚುಚ್ಚಿತ್ತು. ಮಾವ ಗೇಟಿಗೆ ಅಡ್ಡ ನಿಂತರು. ಅವನು ಅಷ್ಟೆಲ್ಲ ಮಾಡೋನಲ್ಲ, ಬರೀ ಬೆದರಿಸ್ತಾನೆ, ನಾಲ್ಕೇ ದಿನ ಅಲ್ವೇನಮ್ಮ ಎಂದು ಏನೇನೋ ಹೇಳಿದರು. ಅವಳು ಕೇಳದ ಕಿವಿಯನ್ನು ಅವರ ಕಡೆ ಮಾಡಿ ನಿಂತಳು.

“ಮಾವ, ಅವನು ಮಾಡ್ತಾನೆ. ನಿಮಗಿಂತ ನಂಗೆ ಗೊತ್ತು,” ಎಂದಳು. “ಇವರಲ್ಲಿ ಒಬ್ಬಳಿಗೆ ಏನಾದ್ರೂ ಆದ್ರೆ ನಾನು ಹೊಲಿಯೋಕೆ ಕೂರಕ್ಕಾಗುತ್ತಾ? ಬೀಗ ತೆಗೀರಿ.”

ಬಲವಂತವಾಗಿ ಯಾರನ್ನೂ ಇಟ್ಟುಕೊಳ್ಳಬಾರದು ಎಂಬುದೂ ನಮ್ಮ ಮನೆಯ ನಿಯಮ. ದೊಡ್ಡಮ್ಮ ಅಳುತ್ತಾ ಬೀಗ ತೆಗೆದರು. ಅವನು ಎದ್ದು ನಿಂತು, ಅವಳ ಕೈಯಿಂದ ಚೀಲವನ್ನು ತಾನೇ ಇಸಿದುಕೊಂಡ. ಪಂಚರ್ ಅಂಗಡಿಯವನು ಕ್ಲಾಸು ಮುಗಿಯಿತಾ ಎಂದು ನಗುತ್ತಾ ಕೇಳಿದನಂತೆ.

ಮಾವ ಸ್ಕ್ರಿಪ್ಟನ್ನು ತಿದ್ದಿದರು. ಈಗ ಅದು ಯಾರು ತಂದಿಟ್ಟರೂ ಫೋಲ್ಡರಿನಲ್ಲಿದ್ದುದನ್ನೆಲ್ಲ ಓದುತ್ತದೆ. ಸೈಟಿಗೆ ಹೋದ ಮೇಲೆ ಅಲ್ಲಿಂದಲೂ ಇಳಿಸಿಕೊಂಡು ಇನ್ನೊಮ್ಮೆ ಓದುತ್ತದೆ. ಒಂದರಲ್ಲಿ ಜಾಗ ಸಿಕ್ಕರೂ ಕೆಂಪಕ್ಷರದಲ್ಲಿ ಕೂಗಿ ನಿಲ್ಲುತ್ತದೆ. ಫೋಲ್ಡರುಗಳ ಹೆಸರು ಬದಲಾಯಿತು: ‘ಜಾಗ ಇರಬಹುದು’, ‘ಜಾಗ ತೆಗೆದಿದೆ’. ತೊಳೆಯುವುದು ಎಂಬ ಪದ ಅವರ ಬಾಯಿಂದ ಆಮೇಲೆ ಬಹಳ ದಿನ ಬರಲಿಲ್ಲ. ಮೆಟ್ಟಿಲ ಮೇಲಿಂದ ಯಾರೂ ಕೇಳಲೂ ಇಲ್ಲ.

ಮೂರು ವಾರ ಬಿಟ್ಟು ದೊಡ್ಡಮ್ಮ ಅದೇ ಅಧಿಕಾರಿಯನ್ನು ಕಾಡಿ ಬೇಡಿ ಅವಳ ಗಂಡನ ಮನೆಗೆ ಕಳಿಸಿದರು. ಮನೆ ಖಾಲಿಯಾಗಿತ್ತು. ಎಲ್ಲಿ ಹೋದರೆಂದು ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ. ಅವನು ಕೆಲಸವನ್ನೂ ಬಿಟ್ಟು ಹೋಗಿದ್ದ. ನಾವು ಮನೆ ಬದಲಿಸಲು ಕಟ್ಟಡ ಹುಡುಕತೊಡಗಿದೆವು, ಇನ್ನೂ ಹುಡುಕುತ್ತಲೇ ಇದ್ದೇವೆ.

ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೊಲಿಗೆ ಕೋಣೆಯ ಫೋನು ಟಿಣ್ ಎಂದಿತು. ಗೊತ್ತಿಲ್ಲದ ನಂಬರು. ಮಾತಿಲ್ಲ, ಒಂದು ಫೋಟೋ ಮಾತ್ರ. ಸಿಮೆಂಟ್ ನೆಲದ ಮೇಲೆ ಹಾಸಿದ ಕೌದಿ, ಬಹಳ ಹತ್ತಿರದಿಂದ ತೆಗೆದದ್ದು. ಬಲಮೂಲೆಯಲ್ಲಿ ಸೊಟ್ಟ ಎಲೆ, ತೊಟ್ಟು ಎಡಕ್ಕೆ. ಹೊಲಿಗೆ ಮಾತ್ರ ಅವಳದರ ಹಾಗಿರಲಿಲ್ಲ. ಎಡವಟ್ಟಾಗಿತ್ತು, ಬಲಗೈ ಬಿಟ್ಟು ಎಡಗೈಯಲ್ಲಿ ಹಾಕಿದ ಹಾಗೆ. ಅವಳ ಬಲಗೈಗೆ ಏನಾಗಿದೆ? ಆ ನಂಬರಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಓಡಿಹೋಗಿ ಮಾವನ ಮುಂದೆ ಫೋನಿಟ್ಟೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಫೋಟೋವನ್ನು ಲ್ಯಾಪ್‌ಟಾಪಿಗೆ ಇಳಿಸಿ, ಕೀಳುವ ಭಾಗ ಬಿಟ್ಟು ಓದುವ ಭಾಗವನ್ನಷ್ಟೇ ಓಡಿಸಿದರು. ಬೇರೆ ದಿನವೆಲ್ಲ ಖಾಲಿ ಬರಲಿ ಎಂದು ಕಾಯುತ್ತಿದ್ದವರು ನಾವು. ಅವತ್ತು ಒಂದು ಅಂಕಿ ಬಂದರೆ ಸಾಕು, ಎಲ್ಲಿದ್ದರೂ ಹೋಗಿ ಕರೆತರುತ್ತೇವೆ ಎಂದು ಹನ್ನೆರಡು ಜನ ಕುರ್ಚಿಯ ಹಿಂದೆ ನಿಂತಿದ್ದೆವು. ಅಕ್ಷಾಂಶ ಇಲ್ಲ. ರೇಖಾಂಶ ಇಲ್ಲ. ದಿನವಿಲ್ಲ, ಗಂಟೆಯಿಲ್ಲ, ಫೋನಿನ ಹೆಸರಿಲ್ಲ. ಮಾವ ಎರಡನೇ ಸಲ ಓಡಿಸಿದರು. ಮೂರನೇ ಸಲವೂ.

ಫೋಟೋ ಎಂದೇ ಕಳಿಸಿದ್ದಳು, ಡಾಕ್ಯುಮೆಂಟ್ ಎಂದಲ್ಲ. ಅವರು ಹೇಳಿಕೊಟ್ಟ ಹಾಗೆಯೇ.

“ಚೆನ್ನಾಗಿ ತೊಳೆದಿದ್ದಾಳೆ,” ಎಂದರು ಮಾವ. ಪರದೆ ಮುಚ್ಚಿ, “ಒಂದೇ ಒಂದು ಸಲ ನಾನು ಹೇಳಿದ್ದನ್ನ ಮರೀಬಾರ್ದಿತ್ತಾ ಇವಳು?” ಎಂದು ನನ್ನನ್ನು ಕೇಳಿದರು.

ನಂಬರನ್ನು ಅಧಿಕಾರಿಗೆ ಕೊಟ್ಟೆವು, ಸಿಮ್ಮು ಯಾರೋ ಮುದುಕನ ಹೆಸರಿನಲ್ಲಿದೆ, ನೋಡೋಣ ಎಂದಿದ್ದಾರೆ. ಮಾವ ಈಗ ವಾರಕ್ಕೆ ಏಳು ದಿನವೂ ಬರುತ್ತಾರೆ. ಬಂದ ಕೂಡಲೇ ಹೊಲಿಗೆ ಕೋಣೆಗೆ ಹೋಗಿ ಆ ಫೋನು ಚಾರ್ಜಿಗೆ ಹಾಕಿದೆಯೇ ಎಂದು ಎರಡು ಸಲ ನೋಡುತ್ತಾರೆ.